ಬೆಳೆ ಯೋಜನಾ ಪಟ್ಟಿಯ ನೀರಿನ ಕಾಲಂ: ಎಂಟನೆಯ ತರಗತಿಗೆ ಎರಡು ಅವಧಿಯ ಪಾಠ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಚಾರ್ಟ್ ಸಿದ್ಧಪಡಿಸಿಕೊಂಡು ಬರುತ್ತಾರೆ. ಅದರಲ್ಲಿ ಐದು ಕಾಲಂ ಇರುತ್ತವೆ: ತಾಕು, ಬೆಳೆ, ಬಿತ್ತನೆ ತಿಂಗಳು, ಕೊಯ್ಲಿನ ಕಾಲ, ನೀರಿನ ಅಗತ್ಯ. ಬಣ್ಣದ ಪೆನ್ನಿನಲ್ಲಿ ಅಂದವಾಗಿಯೇ ಬರೆದಿರುತ್ತಾರೆ. ಆದರೆ ಕೊನೆಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಕಡಿಮೆ’, ‘ಮಧ್ಯಮ’, ‘ಹೆಚ್ಚು’ ಎಂಬ ಮೂರೇ ಪದಗಳಿರುತ್ತವೆ. ಈ ಪದಗಳನ್ನು ಕೂಡಿಸಲು ಬರುವುದಿಲ್ಲ. ಒಂದು ‘ಮಧ್ಯಮ’ಕ್ಕೆ ಒಂದು ‘ಹೆಚ್ಚು’ ಸೇರಿಸಿದರೆ ಬೋರ್‌ವೆಲ್ ತಡೆಯುತ್ತದೆಯೇ ಎಂದು ಮಗುವೊಂದು ಕೇಳಿದರೆ ಚಾರ್ಟ್ ಉತ್ತರ ಕೊಡುವುದಿಲ್ಲ. ಸಿದ್ದರಬೆಟ್ಟದ ಸುತ್ತಿನ ಊರುಗಳಲ್ಲಿ, ಅಂದರೆ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳ ಸೀಮೆಯಲ್ಲಿ, ಮನೆಯವರು ಪ್ರತಿ ವರ್ಷ ಕೇಳಿಕೊಳ್ಳುವ ಪ್ರಶ್ನೆ ಇದೊಂದೇ.

ಈ ಕಾರಣಕ್ಕೆ ಕಳೆದ ಅಭ್ಯಾಸ ಬೋಧನಾ ಅವಧಿಯಲ್ಲಿ ಬೆಟ್ಟದ ತಪ್ಪಲಿನ ಒಂದು ಪ್ರೌಢಶಾಲೆಯಲ್ಲಿ ನಾನು ಈ ಪಟ್ಟಿಯನ್ನೇ ಇಟ್ಟುಕೊಂಡು ನಲವತ್ತು ನಿಮಿಷಗಳ ಎರಡು ಅವಧಿಯ ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಹನ್ನೆರಡು ಮಂದಿ ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದರು. ಪಾಠ ನಡೆದ ಕ್ರಮವನ್ನೂ ಮಕ್ಕಳು ಎಲ್ಲಿ ತಡೆದು ನಿಂತರೆಂಬುದನ್ನೂ ಇಲ್ಲಿ ಬರೆದಿದ್ದೇನೆ.

ಹಿಂದಿನ ದಿನ ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಟ್ಟಿದ್ದೆ: ನಿಮ್ಮ ಬೋರಿನ ಪೈಪನ್ನು ಇನ್ನೂರು ಲೀಟರಿನ ಡ್ರಮ್ಮಿಗೆ ಬಿಟ್ಟರೆ ಎಷ್ಟು ನಿಮಿಷಕ್ಕೆ ತುಂಬುತ್ತದೆ? ಬೋರ್ ಇಲ್ಲದ ಮನೆಯವರು ಪಕ್ಕದ ಹೊಲದವರನ್ನು ಕೇಳಿಕೊಂಡು ಬರಬಹುದು. ಬೇರೆ ಯಾವ ಮಾಹಿತಿಯನ್ನೂ ಕೇಳಲಿಲ್ಲ. ಯಾರ ಹೊಲ ಎಷ್ಟು, ಯಾರಿಗೆ ಸಾಲ ಎಷ್ಟು ಎಂಬುದು ತರಗತಿಗೆ ಬರಬಾರದು. ಹೊಲವನ್ನು ನಾವೇ ಕಲ್ಪಿಸಿಕೊಳ್ಳಬೇಕು. ನಾನು ಕಲ್ಪಿಸಿಕೊಟ್ಟ ಹೊಲ ಎರಡು ಎಕರೆ ಇಪ್ಪತ್ತು ಗುಂಟೆಯದು. ಎಕರೆಗೆ ನಲವತ್ತು ಗುಂಟೆ ಇರುವುದರಿಂದ ಒಟ್ಟು ನೂರು ಗುಂಟೆ. ಈ ಸಂಖ್ಯೆಯನ್ನು ಲೆಕ್ಕ ಸುಲಭವಾಗಲೆಂದೇ ಆರಿಸಿದ್ದು. ಮೇಲಿನ ಕೆಮ್ಮಣ್ಣಿನ ಹೊಲ ನಲವತ್ತು ಗುಂಟೆ, ನಡುವಿನ ಹೊಲ ಮೂವತ್ತು, ಬೋರಿನ ಪಕ್ಕದ ಅಡಿಕೆ ತೋಟ ಇಪ್ಪತ್ತು, ಮನೆಯ ಹಿಂದಿನ ತರಕಾರಿ ತಾಕು ಹತ್ತು.

ಮೊದಲ ಅವಧಿಯನ್ನು ಬಿತ್ತನೆ ಮತ್ತು ಕೊಯ್ಲಿನ ಕಾಲಂಗಳಿಗೆ ಕೊಟ್ಟೆ. ಮೇಲಿನ ಹೊಲಕ್ಕೆ ಕಡ್ಲೆಕಾಯಿ, ನಡುವೆ ತೊಗರಿ ಸಾಲು; ನಡುವಿನ ಹೊಲಕ್ಕೆ ರಾಗಿ, ಅದರಲ್ಲಿ ಅಕ್ಕಡಿಯಾಗಿ ಅವರೆ. ಇವನ್ನು ಮಕ್ಕಳೇ ಹೇಳಿದರು. ‘ಬಿತ್ತನೆ ತಿಂಗಳು ಯಾವುದು?’ ಎಂದು ಕೇಳಿದಾಗ ಕೆಲವರು ‘ಜುಲೈ’ ಎಂದರು, ಇನ್ನು ಕೆಲವರು ‘ಪುನರ್ವಸು ಮಳೆಗೆ’ ಎಂದರು. ಎರಡನೆಯ ಉತ್ತರವನ್ನು ಪ್ರಶಿಕ್ಷಣಾರ್ಥಿಗಳು ಅನೇಕ ಸಲ ‘ಸರಿ, ಅಂದರೆ ಜುಲೈ’ ಎಂದು ಅನುವಾದಿಸಿ ಮುಂದೆ ಹೋಗಿಬಿಡುತ್ತಾರೆ. ನಾನು ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದೆ. ತಿಂಗಳಿಗೆ ಮೂವತ್ತು ದಿನ, ಒಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಪುನರ್ವಸು ಜುಲೈ ಮೊದಲ ವಾರದಲ್ಲಿ ಹುಟ್ಟಿ ಇಪ್ಪತ್ತರ ಸುಮಾರಿಗೆ ಮುಗಿಯುತ್ತದೆ, ಆಮೇಲೆ ಪುಷ್ಯ. ಅಂದರೆ ಅಜ್ಜಂದಿರ ಅಳತೆಗೋಲು ನಮ್ಮ ಚಾರ್ಟಿನ ಅಳತೆಗೋಲಿಗಿಂತ ಎರಡು ಪಟ್ಟು ಸೂಕ್ಷ್ಮವಾದದ್ದು. ಆ ಸೂಕ್ಷ್ಮ ಎಲ್ಲಿ ಬೇಕಾಗುತ್ತದೆ ಎಂಬುದಕ್ಕೆ ಕಡ್ಲೆಕಾಯಿ ಒಳ್ಳೆಯ ಉದಾಹರಣೆ.

ಕಡ್ಲೆಕಾಯಿ ಹೂ ಬಿಟ್ಟ ಮೇಲೆ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣು ಹೊಗುತ್ತದೆ. ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಬಿತ್ತಿದ ನಲವತ್ತನೆಯ ದಿನದ ಆಸುಪಾಸಿನಿಂದ ಎಪ್ಪತ್ತನೆಯ ದಿನದವರೆಗೆ ಈ ಕೆಲಸ ನಡೆಯುತ್ತದೆ. ಆಗ ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಸೂಜಿ ಇಳಿಯುವುದಿಲ್ಲ, ಇಳಿದರೂ ಕಾಯಿ ಜೊಳ್ಳಾಗುತ್ತದೆ. ನಮ್ಮ ಸೀಮೆಯಲ್ಲಿ ಹೆಚ್ಚು ನಂಬಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆಗಸ್ಟಿನಲ್ಲಿ ಎಷ್ಟೋ ವರ್ಷ ಮಳೆ ಕೈಕೊಡುತ್ತದೆ. ಜೂನ್ ಕೊನೆಗೆ ಬಿತ್ತಿದರೆ ಸೂಜಿ ಇಳಿಯುವುದು ಆಗಸ್ಟಿನಲ್ಲಿ. ಜುಲೈ ಕೊನೆಗೆ ಬಿತ್ತಿದರೆ ಸೆಪ್ಟೆಂಬರಿನಲ್ಲಿ. ಹಾಗಾದರೆ ತಡವಾಗಿ ಬಿತ್ತುವುದೇ ಲೇಸಲ್ಲವೇ ಎಂದು ಮಕ್ಕಳನ್ನು ಕೇಳಿದೆ. ಹೆಚ್ಚಿನವರು ‘ಹೌದು’ ಎಂದರು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಮಾತ್ರ, ‘ಮೇಡಂ, ಕೀಳೋ ಟೈಮಲ್ಲಿ ಮಳೆ ಹಿಡ್ಕೊಂಡ್ರೆ ಕಾಯೆಲ್ಲ ಅಲ್ಲೇ ಮೊಳಕೆ ಬರುತ್ತೆ’ ಎಂದಳು. ಅದು ಸರಿಯಾದ ಮಾತು. ಟಿಎಂವಿ-2ರಂಥ ಗೊಂಚಲು ತಳಿಯ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿ ಒದ್ದೆ ನೆಲದಲ್ಲಿ ಉಳಿದರೆ ಮೊಳೆಯುತ್ತದೆ. ನೂರೈದು ನೂರಹತ್ತು ದಿನದ ಬೆಳೆಯಾದ್ದರಿಂದ ಜುಲೈ ಕೊನೆಗೆ ಬಿತ್ತಿದ್ದು ನವೆಂಬರಿನ ಎರಡನೆಯ ವಾರಕ್ಕೆ ಬರುತ್ತದೆ, ಅಷ್ಟರಲ್ಲಿ ಸೈಕ್ಲೋನ್ ಮಳೆಯ ಭಯ. ಹೀಗೆ ಬಿತ್ತನೆಯ ಕಾಲಂನಲ್ಲಿ ಬರೆಯುವ ಒಂದು ಪದ ಎರಡು ಕಡೆಯ ಅಪಾಯವನ್ನು ತೂಗಿ ಬರೆದದ್ದು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ನಾವು ‘ಪುನರ್ವಸು, ಜುಲೈ 6ರಿಂದ 20’ ಎಂದು ಬರೆದೆವು.

ಕೊಯ್ಲಿನ ಕಾಲಂಗೆ ಬಂದಾಗ ಮಕ್ಕಳು ಸೂತ್ರವೊಂದನ್ನು ಹಿಡಿದುಬಿಟ್ಟಿದ್ದರು: ಬಿತ್ತಿದ ದಿನಕ್ಕೆ ಬೆಳೆಯ ಅವಧಿ ಕೂಡಿಸಿದರೆ ಕೊಯ್ಲು. ರಾಗಿಗೆ ಅದು ಸರಿಹೋಯಿತು. ಜಿಪಿಯು-28 ರಾಗಿ ನೂರಹತ್ತು ನೂರಹದಿನೈದು ದಿನದ್ದು, ಜುಲೈ ಮಧ್ಯದಲ್ಲಿ ಬಿತ್ತಿದರೆ ನವೆಂಬರ್ ಮೊದಲ ವಾರ. ಅದೇ ಸೂತ್ರವನ್ನು ಅವರೆಗೆ ಹಾಕಿದಾಗ ತರಗತಿಯೇ ಎರಡು ಪಾಲಾಯಿತು. ‘ಮೇಡಂ, ನಾಟಿ ಅವರೆ ಯಾವಾಗ ಹಾಕಿದ್ರೂ ಚಳಿ ಬಿದ್ಮೇಲೇ ಕಾಯಿ ಬಿಡೋದು. ಸೊಗಡು ಬರೋದೂ ಆಗ್ಲೇ’ ಎಂದು ಒಬ್ಬ ಹುಡುಗ ಎದ್ದು ನಿಂತು ಹೇಳಿದ. ಇಲ್ಲಿ ವಿಜ್ಞಾನ ಶಿಕ್ಷಕರು ನಿಲ್ಲಬೇಕು. ನಾಟಿ ಅವರೆ ಹಗಲಿನ ಉದ್ದವನ್ನು ನೋಡಿ ಹೂ ಬಿಡುವ ಬೆಳೆ. ಹಗಲು ಗಿಡ್ಡವಾಗುವವರೆಗೆ ಅದು ಬಳ್ಳಿ, ಎಲೆ ಬೆಳೆಸುತ್ತಾ ಇರುತ್ತದೆ; ಜೂನಿನಲ್ಲಿ ಹಾಕಿದ್ದೂ ಆಗಸ್ಟಿನಲ್ಲಿ ಹಾಕಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೂವಾಗಿ, ಡಿಸೆಂಬರ್, ಜನವರಿಯಲ್ಲಿ ಕಾಯಿ ಕೊಡುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಗುಣವಿಲ್ಲ, ಅವು ಯಾವ ಕಾಲದಲ್ಲಿ ಹಾಕಿದರೂ ಮೂರು ತಿಂಗಳ ಸುಮಾರಿಗೆ ಕಾಯಿ ಕೊಡುತ್ತವೆ. ಆದ್ದರಿಂದ ‘ಅವರೆ’ ಎಂದು ಮಾತ್ರ ಬರೆದರೆ ಕೊಯ್ಲಿನ ಕಾಲಂ ತುಂಬಲು ಆಗುವುದಿಲ್ಲ, ತಳಿ ಬರೆಯಬೇಕು.

ಇದರಿಂದ ಇನ್ನೊಂದು ಸಂಗತಿ ಹೊರಬಂತು. ರಾಗಿ ಕೊಯ್ದದ್ದು ನವೆಂಬರಿನಲ್ಲಾದರೂ ಹೊಲ ಬಿಡುವಾಗುವುದು ಅವರೆ ಮುಗಿದ ಮೇಲೆ, ಜನವರಿಯ ಕೊನೆಗೆ. ಮೇಲಿನ ಹೊಲದಲ್ಲಿ ಕಡ್ಲೆಕಾಯಿ ಕಿತ್ತ ಮೇಲೂ ತೊಗರಿ ನಿಂತಿರುತ್ತದೆ. ‘ನವೆಂಬರಿನಲ್ಲಿ ಹೊಲ ಖಾಲಿ, ಕಡಲೆ ಹಾಕಬಹುದು’ ಎಂದು ಗುಂಪೊಂದು ತನ್ನ ಹಾಳೆಯಲ್ಲಿ ಬರೆದಿತ್ತು. ಅಕ್ಕಡಿ ಸಾಲು ಎಲ್ಲಿ ಹೋಯಿತು ಎಂದು ಪಕ್ಕದ ಗುಂಪೇ ಕೇಳಿತು. ನಾನು ಬಾಯಿ ಬಿಡಬೇಕಾಗಲಿಲ್ಲ. ಪ್ರಶಿಕ್ಷಣಾರ್ಥಿಗಳು ಇಲ್ಲಿ ಗಮನಿಸಲಿ: ಇಂಥ ಹೊತ್ತಿನಲ್ಲಿ ಶಿಕ್ಷಕರು ತಡೆದುಕೊಂಡ ಹತ್ತು ಸೆಕೆಂಡು ವಿವರಣೆಯ ಐದು ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಡಿಕೆಯ ಸಾಲಿನಲ್ಲಿ ಬಿತ್ತನೆ ತಿಂಗಳು ಏನು ಬರೆಯಬೇಕೆಂಬ ಪ್ರಶ್ನೆಗೆ ‘ಹಾಕಿ ಆಗಿದೆ’ ಎಂದು ಬರೆಸಿದೆ. ಬಹುವಾರ್ಷಿಕ ಬೆಳೆ ಪಟ್ಟಿಯೊಳಗೆ ಮೊದಲೇ ಬಂದು ಕೂತಿರುವ ಬೆಳೆ. ಅದರ ಪಾಲಿನ ನೀರನ್ನು ತೆಗೆದಿಟ್ಟ ಮೇಲೆಯೇ ಉಳಿದವರಿಗೆ.

ಎರಡನೆಯ ಅವಧಿ ಪೂರ್ತಿ ನೀರಿನದು. ಮೊದಲು ಅಳತೆ. ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಬೋರನ್ನು ಇಂಚಿನಲ್ಲಿ, ಹೊಲವನ್ನು ಗುಂಟೆಯಲ್ಲಿ, ಡ್ರಮ್ಮನ್ನು ಲೀಟರಿನಲ್ಲಿ. ಈ ನಾಲ್ಕನ್ನೂ ಒಂದು ಕಡೆ ತಾರದೆ ಲೆಕ್ಕ ಹುಟ್ಟುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ನಿಂತರೆ ಒಂದು ಲೀಟರು. ಇದನ್ನು ಅಗಲ ಬಾಯಿಯ ಟ್ರೇ ಒಂದರಲ್ಲಿ ಮಾಡಿ ತೋರಿಸಬಹುದು. ಒಂದು ಗುಂಟೆ 101 ಚದರ ಮೀಟರು. ಆದ್ದರಿಂದ ಒಂದು ಗುಂಟೆಗೆ ಒಂದು ಮಿ.ಮೀ. ನೀರು ಎಂದರೆ ಸುಮಾರು ನೂರು ಲೀಟರು, ಅಂದರೆ ಅರ್ಧ ಡ್ರಮ್ಮು. ಈ ಒಂದು ವಾಕ್ಯವನ್ನು ಹಲಗೆಯ ಮೂಲೆಯಲ್ಲಿ ಬರೆದು ಚೌಕ ಹಾಕಿ ಪಾಠ ಮುಗಿಯುವವರೆಗೂ ಅಳಿಸದೆ ಇಟ್ಟೆ. ನಮ್ಮ ಮಕ್ಕಳಿಗೆ ಹೆಕ್ಟೇರಿಗಿಂತ ಗುಂಟೆ ಪರಿಚಿತ. ಮೆಟ್ರಿಕ್ ಮಾನಕ್ಕೆ ಅದು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ನಮ್ಮ ಪುಣ್ಯವೆನ್ನಬೇಕು.

ಇಂಚಿನ ವಿಷಯಕ್ಕೆ ಬರುತ್ತೇನೆ. ‘ನಮ್ದು ಎರಡಿಂಚು ಮೇಡಂ’ ಎಂದು ಹೇಳದ ಮಗುವಿಲ್ಲ. ಬೋರ್ ಕೊರೆದಾಗ ‘ವಿ’ ಆಕಾರದ ಕಚ್ಚಿರುವ ತಗಡನ್ನು ಅಡ್ಡ ಇಟ್ಟು, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆಂದು ನೋಡುತ್ತಾರೆ. ಆ ಎತ್ತರವೇ ಇಂಚು. ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ ಎರಡಿಂಚು ಒಂದಿಂಚಿನ ಎರಡರಷ್ಟಲ್ಲ. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರಾದರೆ, ಎರಡಿಂಚಿಗೆ ಸುಮಾರು 2,900. ಅಂದರೆ ಐದೂವರೆ ಪಟ್ಟಿಗಿಂತ ಹೆಚ್ಚು. ಒಂದೂವರೆ ಇಂಚಿಗೆ ಸುಮಾರು 1,400. ಈ ಕೊನೆಯ ಸಂಖ್ಯೆಯೇ ಎಚ್ಚರಿಕೆಯದು. ‘ಬೇಸಿಗೇಲಿ ಅರ್ಧ ಇಂಚು ಕಮ್ಮಿ ಆಗುತ್ತೆ ಅಷ್ಟೇ’ ಎಂದು ಮನೆಯಲ್ಲಿ ಹೇಳುವ ಮಾತಿನ ಅರ್ಥ, ನೀರು ಅರ್ಧಕ್ಕೆ ಇಳಿಯಿತು ಎಂದು. ಸೂತ್ರ ಎಂಟನೆಯ ತರಗತಿಗೆ ಬೇಡ. ಡ್ರಮ್ಮೇ ಸಾಕು: ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರು, ಎಂಟು ನಿಮಿಷಕ್ಕಾದರೆ 1,500. ನಮ್ಮ ಕಲ್ಪನೆಯ ಹೊಲದ ಬೋರಿಗೆ ನವೆಂಬರಿನಲ್ಲಿ ನಾಲ್ಕು ನಿಮಿಷ, ಏಪ್ರಿಲ್‌ನಲ್ಲಿ ಎಂಟು ನಿಮಿಷ ಎಂದು ಇಟ್ಟುಕೊಂಡೆವು. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ. ಹಾಗಾಗಿ ನವೆಂಬರಿನಲ್ಲಿ ದಿನಕ್ಕೆ 21,000 ಲೀಟರು, ಏಪ್ರಿಲ್‌ನಲ್ಲಿ 10,500.

ಈಗ ಖರ್ಚು. ಅಡಿಕೆ ಒಂಬತ್ತು ಅಡಿ ಅಂತರದ್ದು, ಇಪ್ಪತ್ತು ಗುಂಟೆಗೆ ಸುಮಾರು 270 ಗಿಡ. ಹನಿ ನೀರಾವರಿಯಲ್ಲಿ ಫಸಲಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಲೀಟರು ಎಂದರೆ 5,400. ಮನೆಯ ಹಿಂದಿನ ಹತ್ತು ಗುಂಟೆಗೆ ಜನವರಿ ಕೊನೆಯಲ್ಲಿ ಟೊಮೆಟೊ ನಾಟಿ ಮಾಡಿದರೆ ಏಪ್ರಿಲ್‌ನಲ್ಲಿ ಕಾಯಿ ತುಂಬಿ ನಿಂತಿರುತ್ತದೆ. ಆಗಿನ ಬಿಸಿಲಿಗೆ ದಿನಕ್ಕೆ ಆರು ಮಿ.ಮೀ. ಬೇಕೆಂದು ಹಿಡಿದರೆ ಹತ್ತು ಗುಂಟೆ, ಗುಂಟೆಗೆ 600 ಲೀಟರು, ಒಟ್ಟು 6,000. ಮನೆಗೆ, ಎರಡು ಹಸುಗಳಿಗೆ 500. ಎಲ್ಲ ಸೇರಿ 11,900. ಬೋರು ಕೊಡುವುದು 10,500. ದಿನಕ್ಕೆ 1,400 ಲೀಟರು, ಅಂದರೆ ಏಳು ಡ್ರಮ್ಮು ಕಡಿಮೆ. ಇದೆಲ್ಲ ಹನಿ ನೀರಾವರಿಯ ಲೆಕ್ಕ. ಕಾಲುವೆ ತೆಗೆದು ಹಾಯಿಸಿದರೆ ಇನ್ನೂ ಬಹಳಷ್ಟು ನೀರು ಗಿಡಕ್ಕೆ ಸಿಗದೆ ಹೋಗುತ್ತದೆ.

ಈ ಹಂತದಲ್ಲಿ ಒಂದು ಗುಂಪು ಬೇರೆ ದಾರಿ ಹಿಡಿದಿತ್ತು. ಅವರು ವರ್ಷದ ಲೆಕ್ಕ ಮಾಡಿದ್ದರು: ಬೋರು ಸರಾಸರಿ ದಿನಕ್ಕೆ 15,000 ಲೀಟರು ಕೊಟ್ಟರೆ ವರ್ಷಕ್ಕೆ ಸುಮಾರು 55 ಲಕ್ಷ ಲೀಟರು, ಅಡಿಕೆಯ ಆರು ತಿಂಗಳ ಬೇಸಿಗೆ ನೀರು, ಟೊಮೆಟೊದ ನಾಲ್ಕು ತಿಂಗಳು, ಮನೆ ಖರ್ಚು ಎಲ್ಲ ಕೂಡಿದರೂ 19 ಲಕ್ಷ ಮೀರುವುದಿಲ್ಲ. ‘ಹತ್ತಿರ ಹತ್ತಿರ ಮೂರು ಪಟ್ಟು ನೀರಿದೆ, ಕೊರತೆ ಎಲ್ಲಿ?’ ಎಂದು ಅವರ ವಾದ. ಲೆಕ್ಕ ತಪ್ಪಿರಲಿಲ್ಲ. ಇಂಥ ಉತ್ತರಕ್ಕೆ ಕೆಂಪು ಗೀಟು ಎಳೆಯಬಾರದು. ಅದನ್ನು ಹಲಗೆಯ ಮೇಲೆ ಏಪ್ರಿಲ್ ಲೆಕ್ಕದ ಪಕ್ಕದಲ್ಲೇ ಬರೆದು, ‘ಎರಡೂ ಸರಿ, ಹಾಗಾದರೆ ಗಿಡ ಯಾವ ಲೆಕ್ಕವನ್ನು ಕೇಳುತ್ತದೆ?’ ಎಂದೆ. ಸ್ವಲ್ಪ ಹೊತ್ತು ಗುಸುಗುಸು. ‘ನವೆಂಬರ್ ನೀರನ್ನ ಏಪ್ರಿಲ್‌ಗೆ ಎತ್ತಿಡೋಕೆ ಆಗಲ್ಲ’ ಎಂದು ಆ ಗುಂಪಿನವನೇ ಹೇಳಿದ. ಕೃಷಿ ಹೊಂಡ ಇದ್ದರೆ ಒಂದಿಷ್ಟು ಎತ್ತಿಡಬಹುದು ಎಂಬ ಮಾತೂ ಬಂತು. ಹೊಂಡದ ಲೆಕ್ಕ ಇನ್ನೊಂದು ಪಾಠದ ವಸ್ತು.

ನೀರಿನ ಕಾಲಂನಲ್ಲಿ ಏನು ಬರೆಯಬೇಕೆಂಬುದು ಇದರಿಂದ ತೀರ್ಮಾನವಾಯಿತು. ನೀರಾವರಿ ತಾಕಿಗೆ ಅತಿ ಬಿಗಿಯಾದ ತಿಂಗಳ ದಿನದ ಲೀಟರು ಬರೆಯುವುದು. ಮಳೆಯಾಶ್ರಿತ ತಾಕಿಗೆ ಲೀಟರು ಬರೆದು ಪ್ರಯೋಜನವಿಲ್ಲ, ಅಲ್ಲಿ ನೀರು ನಮ್ಮ ಕೈಯಲ್ಲಿಲ್ಲ. ಯಾವ ಹೊತ್ತಿನಲ್ಲಿ ಮಳೆ ತಪ್ಪಬಾರದು ಎಂಬುದನ್ನು ಬರೆಯುವುದು. ಕೊನೆಗೆ ಪಟ್ಟಿ ಹೀಗೆ ನಿಂತಿತು.

| ತಾಕು | ಬೆಳೆ | ಬಿತ್ತನೆ | ಕೊಯ್ಲು | ನೀರು |
|---|---|---|---|---|
| ಮೇಲಿನ ಹೊಲ, 40 ಗುಂಟೆ | ಕಡ್ಲೆಕಾಯಿ, ತೊಗರಿ ಸಾಲು | ಪುನರ್ವಸು (ಜುಲೈ 6–20) | ಕಡ್ಲೆಕಾಯಿ ಅಕ್ಟೋಬರ್ ಕೊನೆ. ತೊಗರಿ ಜನವರಿ | ಮಳೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ತಪ್ಪಬಾರದು |
| ನಡುವಿನ ಹೊಲ, 30 ಗುಂಟೆ | ರಾಗಿ, ಅಕ್ಕಡಿ ನಾಟಿ ಅವರೆ | ಪುನರ್ವಸು, ಪುಷ್ಯ (ಜುಲೈ) | ರಾಗಿ ನವೆಂಬರ್. ಅವರೆ ಡಿಸೆಂಬರ್–ಜನವರಿ | ಮಳೆ. ತೆನೆ ಬರುವ ಸೆಪ್ಟೆಂಬರ್ ತಪ್ಪಬಾರದು |
| ಬೋರಿನ ಪಕ್ಕ, 20 ಗುಂಟೆ | ಅಡಿಕೆ | ಹಾಕಿ ಆಗಿದೆ | ಮಳೆಗಾಲದಿಂದ ಚಳಿಗಾಲದವರೆಗೆ ಕಂತಿನಲ್ಲಿ | ಏಪ್ರಿಲ್‌ನಲ್ಲಿ ದಿನಕ್ಕೆ 5,400 ಲೀ. |
| ಮನೆಯ ಹಿಂದೆ, 10 ಗುಂಟೆ | ಟೊಮೆಟೊ | ಜನವರಿ ಕೊನೆ ನಾಟಿ | ಏಪ್ರಿಲ್–ಮೇ | ಏಪ್ರಿಲ್‌ನಲ್ಲಿ ದಿನಕ್ಕೆ 6,000 ಲೀ. |

ಕೊನೆಯ ಸಾಲನ್ನು ಏನು ಮಾಡುವುದೆಂದು ಗುಂಪುಗಳಿಗೆ ಹತ್ತು ನಿಮಿಷ ಕೊಟ್ಟೆ. ಎರಡು ಬಗೆಯ ಉತ್ತರ ಬಂತು. ಮೊದಲನೆಯದು ಅಳತೆ ಕಡಿಮೆ ಮಾಡುವುದು. ಅಡಿಕೆ, ಮನೆ ಕಳೆದು ಉಳಿದ 4,600 ಲೀಟರನ್ನು 600ರಿಂದ ಭಾಗಿಸಿದರೆ ಏಳೂವರೆ ಗುಂಟೆ ಚಿಲ್ಲರೆ. ‘ಏಳು ಗುಂಟೆ’ ಎಂದಿತು ಒಂದು ಗುಂಪು. ‘ಕರೆಂಟು ಏಳು ಗಂಟೆ ಅಂತಾರೆ, ದಿನಾ ಎಲ್ಲಿ ಬರುತ್ತೆ? ಐದೇ ಗುಂಟೆ ಹಾಕ್ಬೇಕು’ ಎಂದಿತು ಇನ್ನೊಂದು. ಎರಡನೆಯ ಉತ್ತರದಲ್ಲಿ ಗಣಿತದ ಜೊತೆ ಅನುಭವವೂ ಇದೆ. ಎರಡಕ್ಕೂ ಸಮನಾದ ಅಂಕ ಕೊಟ್ಟೆ. ಎರಡನೆಯ ಬಗೆ, ತಿಂಗಳನ್ನೇ ಸರಿಸುವುದು. ಅಕ್ಟೋಬರಿನಲ್ಲಿ ನಾಟಿ ಮಾಡಿದರೆ ಡಿಸೆಂಬರಿನಲ್ಲಿ ಬಿಡಿಸಬಹುದು. ಆಗ ದಿನಕ್ಕೆ ನಾಲ್ಕು ಮಿ.ಮೀ. ಸಾಕು, ಹತ್ತು ಗುಂಟೆಗೂ 4,000 ಲೀಟರೇ. ಬೋರಿನಲ್ಲೂ ನೀರು ಇನ್ನೂ ಚೆನ್ನಾಗಿರುತ್ತದೆ. ಇದೇ ಉತ್ತಮ ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಮಾತು ಬಂತು: ‘ಮೇಡಂ, ಆಗ ಎಲ್ರ ಹೊಲದಲ್ಲೂ ಟೊಮೆಟೊ ಇರುತ್ತೆ. ರೇಟು ಬರೋದು ಬೇಸಿಗೇಲಿ.’ ಪಟ್ಟಿಯಲ್ಲಿ ಬೆಲೆಯ ಕಾಲಂ ಇಲ್ಲ. ಅದನ್ನು ಸೇರಿಸಬೇಕೆಂದು ನನಗನ್ನಿಸುವುದಿಲ್ಲ. ನೀರಿನಂತೆ ಬೆಲೆಯನ್ನು ಮೊದಲೇ ಡ್ರಮ್ಮಿನಲ್ಲಿ ಅಳೆಯಲು ಬರುವುದಿಲ್ಲ. ಆದರೆ ಆ ಮಾತನ್ನು ಪಟ್ಟಿಯ ಕೆಳಗೆ ಬರೆದು ಉಳಿಸಿದೆ.

ಈ ಪಾಠವನ್ನು ಸಿರಾ, ಪಾವಗಡದ ಕಡೆಯ ಶಾಲೆಗೆ ಒಯ್ಯುವವರು ಸಾಲುಗಳನ್ನು ಹಾಗೇ ಒಯ್ಯಬಾರದು. ಅಲ್ಲಿ ಮಳೆ ಇನ್ನೂ ಕಡಿಮೆ, ಎಷ್ಟೋ ಊರಿನಲ್ಲಿ ಅಡಿಕೆಯ ಸಾಲೇ ಇರುವುದಿಲ್ಲ. ಜುಲೈ ತಿಂಗಳು ಒಣಗಿಹೋದ ವರ್ಷಕ್ಕೆ ಒಂದು ಬದಲಿ ಸಾಲನ್ನು ಮೊದಲೇ ಬರೆಸಿಟ್ಟುಕೊಳ್ಳಬೇಕು: ಮಖೆ, ಹುಬ್ಬೆ ಮಳೆಗೆ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲರ್ಧದಲ್ಲಿ ಹುರುಳಿ, ಕೊಯ್ಲು ಡಿಸೆಂಬರ್. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಆ ಊರಿನ ಮಗುವೊಂದು ‘ಬೆಳೆ’ ಕಾಲಂನಲ್ಲಿ ‘ಪ್ಯಾನೆಲ್’ ಎಂದು ಬರೆದರೆ ನಗಬೇಡಿ; ಉಳಿದ ಮೂರು ಕಾಲಂ ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋಗಲಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಅದೇ ಹೊಲ, ಅದೇ ಏಪ್ರಿಲ್, ಆದರೆ ಈ ವರ್ಷ ಡ್ರಮ್ಮು ತುಂಬಲು ಹನ್ನೆರಡು ನಿಮಿಷ. ಪಟ್ಟಿಯ ಕೊನೆಯ ಸಾಲನ್ನು ತಿದ್ದಿ ಬರೆಯಿರಿ. ಗಂಟೆಗೆ 1,000, ದಿನಕ್ಕೆ 7,000; ಮನೆಗೆ 500, ಅಡಿಕೆಗೆ 5,400 ಹೋದರೆ ಉಳಿಯುವುದು 1,100 ಲೀಟರು. 42 ಮಕ್ಕಳಲ್ಲಿ 29 ಮಂದಿ ಇಲ್ಲಿಯವರೆಗೆ ಬಂದರು. ಬಾರದವರಲ್ಲಿ ಹೆಚ್ಚಿನವರು ಅಡಿಕೆಯ ಪಾಲನ್ನು ಮೊದಲು ಕಳೆಯುವುದನ್ನು ಮರೆತಿದ್ದರು. ಬಂದವರಲ್ಲಿ ಬಹುಪಾಲು ‘1.8 ಗುಂಟೆ ಟೊಮೆಟೊ’ ಎಂದು ಬರೆದು ನಿಲ್ಲಿಸಿದರೆ, ಒಬ್ಬಳು ಅದನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದಳು: ‘ಇಷ್ಟಕ್ಕೆ ಟೊಮೆಟೊ ಹಾಕಲ್ಲ. ಒಂದು ಗುಂಟೆ ಸೊಪ್ಪು ಹಾಕ್ತೀವಿ, ಮಿಕ್ಕಿದ ನೀರು ಅಡಿಕೆಗೆ ಇರಲಿ.’